‘ಅಮ್ಮಾ’ ಎಂದ ಮೇಲಿನ ಒಂದು ಕ್ಷಣ

ಗಾಂಧಿ ಬಜಾರಿನಲ್ಲಿ ಮೊಳಕೈಯಿಂದ ಮಲ್ಲಿಗೆ ಅಳೆಯುತ್ತಿರುವ ಹೂವಾಡಗಿತ್ತಿಯ ಎದುರು ನಿಂತು ಒಬ್ಬರು ‘ಬಿ.ಪಿ. ವಾಡಿಯಾ ರಸ್ತೆ ಎಲ್ಲಿ?’ ಎಂದು ಕೇಳುತ್ತಾರೆ. ಆಕೆ ತಲೆಯೆತ್ತಿ ‘ಏನು?’ ಎನ್ನುತ್ತಾಳೆ. ಪ್ರಶ್ನೆಯನ್ನು ಮತ್ತೊಮ್ಮೆ ಕೇಳಬೇಕಾಗುತ್ತದೆ, ಅಷ್ಟರಲ್ಲಿ ಆಕೆಯ ಮೊಳದ ಲೆಕ್ಕವೂ ತಪ್ಪಿರುತ್ತದೆ. ಮಾತು ತನಗೇ ಸೇರಿದ್ದೆಂದು ಆಕೆಗೆ ತಿಳಿಯುವ ಮೊದಲೇ ರಸ್ತೆಯ ಹೆಸರು ಬಂದು ಹೋಗಿತ್ತು. ದಾರಿ ಕೇಳುವ ಮೊದಲು ಒಂದು ನಮಸ್ಕಾರ ಬೇಕೆನ್ನುವುದು ಬರೀ ಸೌಜನ್ಯಕ್ಕಲ್ಲ.

ಅಮೆರಿಕದ ಸಮಾಜವಿಜ್ಞಾನಿ ಇಮ್ಯಾನುಯಲ್ ಶೆಗ್ಲಾಫ್ ಅವರು ಪೊಲೀಸ್ ಇಲಾಖೆಯೊಂದರ ಸುಮಾರು 500 ದೂರವಾಣಿ ಕರೆಗಳ ಆರಂಭವನ್ನು ಪರಿಶೀಲಿಸಿ 1968ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಫೋನು ಎತ್ತಿದವರೇ ಮೊದಲು ಮಾತನಾಡುತ್ತಾರೆಂಬ ನಿಯಮಕ್ಕೆ ಒಂದನ್ನು ಬಿಟ್ಟು ಉಳಿದ ಕರೆಗಳೆಲ್ಲ ಹೊಂದಿದವು. ಆ ಒಂದರಲ್ಲಿ ಫೋನು ಎತ್ತಿದವರು ಸುಮ್ಮನಿದ್ದರು. ಒಂದು ಸೆಕೆಂಡಿನ ನಂತರ ಕರೆ ಮಾಡಿದ ಪೊಲೀಸರೇ ‘ಹಲೋ’ ಎಂದರು. ಆ ಒಂದು ಅಪವಾದಕ್ಕಾಗಿ ಶೆಗ್ಲಾಫ್ ತಮ್ಮ ಇಡೀ ವಿವರಣೆಯನ್ನೇ ತಿದ್ದಿದರು (ಇದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ). ಗಂಟೆಯ ಸದ್ದು ಒಂದು ಕೂಗು, ‘ಹಲೋ’ ಅದಕ್ಕೆ ಓಗೊಡುವಿಕೆ. ಓಗೊಡದಿದ್ದರೆ ಮತ್ತೆ ಕೂಗಬೇಕಾಗುತ್ತದೆ. ಓಗೊಟ್ಟ ಮೇಲೆ ಕರೆದವರು ವಿಷಯ ಹೇಳಲೇಬೇಕು, ಓಗೊಟ್ಟವರು ಕೇಳಿಸಿಕೊಳ್ಳಬೇಕು.

ರಸ್ತೆಯಲ್ಲಿ ‘ಅಮ್ಮಾ, ನಮಸ್ಕಾರ’ ಎನ್ನುವುದು ಆ ಗಂಟೆಯ ಕೆಲಸವನ್ನೇ ಮಾಡುತ್ತದೆ. ಹಾಗೆಂದು ನಿಲ್ಲಬೇಕು. ಆಕೆ ಕಣ್ಣೆತ್ತಿದರೆ ಅಥವಾ ‘ಹೇಳಿ’ ಎಂದರೆ ಓಗೊಟ್ಟಂತಾಯಿತು. ದಾರಿಯ ಹೆಸರು ಬರಬೇಕಾದದ್ದು ಆಗ. ನಮಸ್ಕಾರವನ್ನೂ ಪ್ರಶ್ನೆಯನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ಸೌಜನ್ಯವೇನೋ ಉಳಿಯುತ್ತದೆ, ಆದರೆ ಪ್ರಶ್ನೆ ಮತ್ತೆ ಕಳೆದುಹೋಗುತ್ತದೆ.

ಬರೀ ನಮಸ್ಕಾರ ಕೆಲವೊಮ್ಮೆ ತಿರುಗುಬಾಣವೂ ಆಗುತ್ತದೆ. ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ನಗುಮುಖದಿಂದ ‘ನಮಸ್ಕಾರ ಸಾರ್’ ಎನ್ನುವವರು ಹೆಚ್ಚಾಗಿ ಏನನ್ನೋ ಮಾರುವವರು ಅಥವಾ ಚಂದಾ ಕೇಳುವವರು ಎಂಬುದು ಬೆಂಗಳೂರಿಗರ ಅನುಭವ. ಓಗೊಟ್ಟರೆ ಸಿಕ್ಕಿಬೀಳುತ್ತೇವೆಂದು ಗೊತ್ತಿರುವುದರಿಂದಲೇ ಅವರು ನೋಟ ತಪ್ಪಿಸಿ ಹೆಜ್ಜೆ ಬಿರುಸು ಮಾಡುತ್ತಾರೆ. ಅಂಥಲ್ಲಿ ‘ಸಾರ್, ಒಂದು ದಾರಿ ಕೇಳಬೇಕಿತ್ತು’ ಎಂಬ ಮಾತು ನೆರವಿಗೆ ಬರುತ್ತದೆ, ಏಕೆಂದರೆ ಬೇಕಾಗಿರುವುದು ಹಣವಲ್ಲ, ಅರ್ಧ ನಿಮಿಷ ಮಾತ್ರ ಎಂಬುದು ಅದರಿಂದ ಮೊದಲೇ ತಿಳಿಯುತ್ತದೆ. ‘ಕೇಳಬೇಕು’ ಎನ್ನದೆ ‘ಕೇಳಬೇಕಿತ್ತು’ ಎನ್ನುವಾಗ ಭೂತಕಾಲದ ರೂಪವು ಒತ್ತಾಯವನ್ನು ತಗ್ಗಿಸಿ, ‘ಗೊತ್ತಿಲ್ಲ’ ಎಂದು ಹೇಳಲು ಅವರಿಗೆ ಎಡೆ ಕೊಡುತ್ತದೆ.

ಆ ಎಡೆ ನಮಗೂ ಬೇಕಾದದ್ದೇ. ನಮಸ್ಕಾರದಿಂದ ಮನಸ್ಸು ಒದಗಬಹುದು, ತಿಳಿವಳಿಕೆ ಒದಗುವುದಿಲ್ಲ. ಮನಸ್ಸಿದ್ದವರು ಬರಿಗೈಯಲ್ಲಿ ಕಳಿಸಲು ಸಂಕೋಚಪಟ್ಟು ಅಂದಾಜಿನ ಮೇಲೆ ಕೈ ತೋರಿಸುವುದುಂಟು. ಗುರುತು ಹೇಳದೆ ‘ಸೀದಾ ಹೋಗಿ, ಅಲ್ಲಿ ಯಾರನ್ನಾದರೂ ಕೇಳಿ’ ಎಂದರೆ ಅದು ಅಂದಾಜಿರಬೇಕು. ‘ಇದೇ ದಾರಿ ತಾನೇ?’ ಎಂದು ಕೇಳಿದರೆ ‘ಹೂಂ’ ಎನ್ನುವುದು ಸುಲಭ, ‘ಯಾವ ಕಡೆ ಬರುತ್ತೆ?’ ಎಂದರೆ ಗೊತ್ತಿಲ್ಲದವರು ತಡವರಿಸುತ್ತಾರೆ.