ಬ್ಯಾಂಕ್ ಖಾತೆ ಮುಚ್ಚಿ ಹೊರಟುಬಿಟ್ಟರೆ ಎಲ್ಲವೂ ತಾನಾಗೇ ನಿಲ್ಲುತ್ತಾ?

ಪ್ರಶ್ನೆ: ಕೆಲವು ವರ್ಷಗಳಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಜೂನ್ ಕೊನೆಗೆ ಮೈಸೂರಿಗೆ ವಾಪಸ್ ಬರುತ್ತಿದ್ದೇವೆ. ಫೋನ್, ಬ್ರಾಡ್‌ಬ್ಯಾಂಡ್, ಜಿಮ್, ಕರೆಂಟು, ಸಿನಿಮಾ ಆಪ್‌ಗಳು, ಒಂದೆರಡು ಸ್ಟ್ಯಾಂಡಿಂಗ್ ಆರ್ಡರ್, ಎಲ್ಲಕ್ಕೂ ಒಂದೇ ಖಾತೆಯಿಂದ ದುಡ್ಡು ಹೋಗುತ್ತದೆ. ಹೊರಡುವ ಹಿಂದಿನ ದಿನ ಆ ಖಾತೆ ಮುಚ್ಚಿಬಿಟ್ಟರೆ ಎಲ್ಲ ಒಟ್ಟಿಗೇ ನಿಲ್ಲುತ್ತದೆ ಅಲ್ವಾ?

ಉತ್ತರ: ದುಡ್ಡು ಹೋಗುವುದು ನಿಲ್ಲಬಹುದು. ಬಿಲ್ ಬೆಳೆಯುವುದು ನಿಲ್ಲುವುದಿಲ್ಲ. ಖಾತೆ ಇಲ್ಲ ಅಂದ ಮಾತ್ರಕ್ಕೆ ಜಿಮ್‌ನ ಜತೆ ನೀವು ಮಾಡಿಕೊಂಡ ಒಪ್ಪಂದ ಮುಗಿಯುವುದಿಲ್ಲ. ಅವರು ಎರಡು ತಿಂಗಳು ಕಾದು, ಹಳೇ ವಿಳಾಸಕ್ಕೆ ಕಾಗದ ಹಾಕಿ, ಆಮೇಲೆ ಬಾಕಿಯನ್ನು ವಸೂಲಿ ಏಜೆನ್ಸಿಗೆ ಒಪ್ಪಿಸಬಹುದು. ನೀವು ಮೈಸೂರಿನಲ್ಲಿರುತ್ತೀರಿ, ಕಾಗದ ಕಂಡಿರುವುದೇ ಇಲ್ಲ. ಬ್ರಿಟನ್ನಿನಲ್ಲಿ ಇಂಥ ಸುಸ್ತಿ ಕ್ರೆಡಿಟ್ ದಾಖಲೆಯಲ್ಲಿ 6 ವರ್ಷ ಉಳಿಯುತ್ತದೆ. ಮತ್ತೆ ಅಲ್ಲಿಗೆ ಕೆಲಸಕ್ಕೆ ಹೋದರೆ ಮನೆ ಬಾಡಿಗೆಗೆ ಹಿಡಿಯುವಾಗ ಅದು ಎದುರಿಗೆ ಬಂದು ನಿಲ್ಲುತ್ತದೆ.

ಹಾಗಾಗಿ ಖಾತೆ ಮುಚ್ಚುವುದು ಕಟ್ಟಕಡೆಯ ಕೆಲಸ. ಮೊದಲ ಕೆಲಸ, ಯಾವ ದುಡ್ಡು ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ನೋಡುವುದು. ದಾರಿ ಮೂರಿವೆ, ಮೂರನ್ನೂ ನಿಲ್ಲಿಸುವ ರೀತಿ ಬೇರೆ ಬೇರೆ.

ಸ್ಟ್ಯಾಂಡಿಂಗ್ ಆರ್ಡರ್ ಅಂದರೆ ನೀವೇ ಬ್ಯಾಂಕಿಗೆ ಕೊಟ್ಟ ಆದೇಶ. ಇಂಥ ದಿನ, ಇಷ್ಟು ದುಡ್ಡು, ಇಂಥವರಿಗೆ ಕಳಿಸು ಅಂತ. ಮನೆ ಬಾಡಿಗೆ, ಕನ್ನಡ ಸಂಘದ ಚಂದಾ ಸಾಮಾನ್ಯವಾಗಿ ಹೀಗೆ ಹೋಗುತ್ತವೆ. ಮೊತ್ತವೂ ನಿಮ್ಮದೇ, ದಿನಾಂಕವೂ ನಿಮ್ಮದೇ. ಬ್ಯಾಂಕ್ ಆಪ್‌ನಲ್ಲಿ ರದ್ದು ಮಾಡಿದರೆ ಮುಗಿಯಿತು. ಆದರೆ ದುಡ್ಡು ಹೋಗುವ ದಿನವೇ ಮಾಡಲು ಕೂರಬೇಡಿ, ಹಿಂದಿನ ದಿನವೇ ಮಾಡಿ.

ಡೈರೆಕ್ಟ್ ಡೆಬಿಟ್ ಇದಕ್ಕೆ ತಿರುಗಾ ಮುರುಗಾ. ಇಲ್ಲಿ ಕಂಪನಿಯೇ ನಿಮ್ಮ ಖಾತೆಯಿಂದ ಎಳೆದುಕೊಳ್ಳುತ್ತದೆ. ಕರೆಂಟು, ಕೌನ್ಸಿಲ್ ಟ್ಯಾಕ್ಸ್, ಫೋನ್, ಜಿಮ್ ಹೆಚ್ಚಾಗಿ ಈ ಗುಂಪಿನವು. ಇದನ್ನೂ ಆಪ್‌ನಲ್ಲೇ ರದ್ದು ಮಾಡಬಹುದು, ಯಾರೂ ತಡೆಯುವಂತಿಲ್ಲ. ತಪ್ಪಾಗಿ ಎಳೆದುಕೊಂಡಿದ್ದರೆ ಡೈರೆಕ್ಟ್ ಡೆಬಿಟ್ ಗ್ಯಾರಂಟಿಯ ಪ್ರಕಾರ ನಿಮ್ಮ ಬ್ಯಾಂಕೇ ಪೂರ್ತಿ ದುಡ್ಡು ವಾಪಸ್ ಕೊಡಬೇಕು. ಇಷ್ಟು ಭದ್ರವಾದ ವ್ಯವಸ್ಥೆ ಇರುವುದರಿಂದಲೇ ಇದನ್ನು ಅವಸರದಲ್ಲಿ ನಿಲ್ಲಿಸಬೇಡಿ ಅನ್ನುತ್ತೇನೆ. ಕೊನೇ ಬಿಲ್ ಕೂಡ ಅದೇ ದಾರಿಯಲ್ಲಿ ಸಂದಾಯವಾಗಬೇಕಲ್ಲ.

ಮೂರನೆಯದೇ ಕಣ್ಣಿಗೆ ಬೀಳದ್ದು. ಆನ್‌ಲೈನ್‌ನಲ್ಲಿ ಕಾರ್ಡಿನ 16 ಅಂಕೆ ಕೊಟ್ಟು ಶುರು ಮಾಡಿದ ಚಂದಾಗಳು. ಸಿನಿಮಾ ಆಪ್, ಕ್ಲೌಡ್ ಸ್ಟೋರೇಜ್, ಆಂಟಿವೈರಸ್, ಪತ್ರಿಕೆ. ಬ್ಯಾಂಕಿನವರು ಇದನ್ನು ಕಂಟಿನ್ಯುಯಸ್ ಪೇಮೆಂಟ್ ಅಥಾರಿಟಿ ಅನ್ನುತ್ತಾರೆ. ಆಪ್‌ನಲ್ಲಿ ಡೈರೆಕ್ಟ್ ಡೆಬಿಟ್ ಪಟ್ಟಿ ತೆರೆದರೆ ಇವು ಅಲ್ಲಿರುವುದಿಲ್ಲ. ಪಟ್ಟಿ ಖಾಲಿ ಮಾಡಿ ನಿಶ್ಚಿಂತೆಯಿಂದ ವಿಮಾನ ಹತ್ತಿದವರಿಗೆ ಮುಂದೆ ತಗಲಿಕೊಳ್ಳುವುದು ಇವೇ.

ಕಾರ್ಡ್ ಕಳೆದಿದೆ ಅಂತ ಹೇಳಿ ಹೊಸದು ತರಿಸಿದರೆ ಇವೆಲ್ಲ ಕತ್ತರಿಸಿ ಹೋಗುತ್ತವೆ ಅನ್ನುವ ಉಪಾಯ ಬಹಳ ಜನರ ಬಾಯಲ್ಲಿದೆ. ಅದನ್ನು ನಂಬಬೇಡಿ. ವೀಸಾ, ಮಾಸ್ಟರ್‌ಕಾರ್ಡ್ ಎರಡಕ್ಕೂ ಅಪ್‌ಡೇಟರ್ ಅನ್ನುವ ಸೇವೆ ಇದೆ. ನಿಮ್ಮ ಬ್ಯಾಂಕೂ ಆ ಕಂಪನಿಯೂ ಅದರಲ್ಲಿ ಸೇರಿದ್ದರೆ ಹೊಸ ಕಾರ್ಡಿನ ನಂಬರ್ ತಾನಾಗಿಯೇ ಅವರಿಗೆ ತಲುಪುತ್ತದೆ. ಗ್ರಾಹಕರ ಅನುಕೂಲಕ್ಕೆ ಅಂತ ಮಾಡಿದ್ದು ಇಲ್ಲಿ ಉಲ್ಟಾ ಹೊಡೆಯುತ್ತದೆ.

ಸರಿಯಾದ ದಾರಿ ಇದು. ಮೊದಲು ಆ ಕಂಪನಿಯ ಸೈಟಿಗೇ ಹೋಗಿ ರದ್ದು ಮಾಡಿ, ರದ್ದಾಯಿತು ಅನ್ನುವ ಮೇಲ್ ಬರುವ ತನಕ ಬಿಡಬೇಡಿ. ಅವರು ಸತಾಯಿಸಿದರೆ ಬ್ಯಾಂಕಿಗೆ ಬರೆಯಿರಿ: ಈ ಕಂಪನಿಗೆ ಕೊಟ್ಟಿದ್ದ ಅನುಮತಿಯನ್ನು ನಾನು ಹಿಂದಕ್ಕೆ ಪಡೆದಿದ್ದೇನೆ, ಇನ್ನು ಮುಂದೆ ಪಾವತಿ ಮಾಡಬೇಡಿ ಅಂತ. ದುಡ್ಡು ಹೋಗಬೇಕಾದ ದಿನಕ್ಕಿಂತ ಒಂದು ಕೆಲಸದ ದಿನ ಮುಂಚೆ ಹೇಳಿದರೆ ಸಾಕು. ನೀವು ಹೇಳಿದ ಮೇಲೂ ಪಾವತಿಯಾದರೆ ಅದು ಅನುಮತಿ ಇಲ್ಲದ ಪಾವತಿ, ಬ್ಯಾಂಕ್ ವಾಪಸ್ ಕೊಡಬೇಕು. ಇದು 2017ರ ಪೇಮೆಂಟ್ ಸರ್ವೀಸಸ್ ನಿಯಮಗಳಲ್ಲಿರುವ ಹಕ್ಕು. ಮೊದಲು ಕಂಪನಿಯನ್ನು ಕೇಳಿ ಬನ್ನಿ ಅಂತ ಗ್ರಾಹಕ ಸೇವೆಯವರು ಸಾಗಹಾಕಿದರೆ, ಅದು ಕಡ್ಡಾಯವಲ್ಲ ಅಂತ ಮೆತ್ತಗೆ ಹೇಳಿ.

ಇವುಗಳ ಪಟ್ಟಿ ಎಲ್ಲಿ ಸಿಗುತ್ತದೆ? ಸ್ಟೇಟ್‌ಮೆಂಟ್‌ನಲ್ಲಿ. ಹಿಂದಿನ 13 ತಿಂಗಳದ್ದು ಡೌನ್‌ಲೋಡ್ ಮಾಡಿ. ಮೂರು ತಿಂಗಳದ್ದು ಸಾಲದು, ವರ್ಷಕ್ಕೊಮ್ಮೆ ಬರುವ ಚಂದಾಗಳು ಅದರಲ್ಲಿ ಕಾಣುವುದಿಲ್ಲ. ಕ್ರೆಡಿಟ್ ಕಾರ್ಡ್ ಇದ್ದರೆ ಅದರದ್ದೂ ಬೇಕು. ಪೇಪಾಲ್ ಬಳಸುತ್ತಿದ್ದರೆ ಅದರೊಳಗೆ ಆಟೊಮ್ಯಾಟಿಕ್ ಪೇಮೆಂಟ್ಸ್ ಅಂತ ಇನ್ನೊಂದು ಪಟ್ಟಿ ಅಡಗಿ ಕೂತಿದೆ, ಅದನ್ನೂ ತೆರೆದು ನೋಡಿ.

ಐಫೋನ್ ಇದ್ದವರಿಗೆ ಒಂದು ಮಾತು. ಆಪ್ ಸ್ಟೋರ್‌ನ ದೇಶವನ್ನು ಭಾರತಕ್ಕೆ ಬದಲಿಸಬೇಕಾದರೆ ಚಂದಾ ರದ್ದು ಮಾಡಿದರಷ್ಟೇ ಸಾಲದು, ಅದರ ಅವಧಿಯೂ ಮುಗಿದಿರಬೇಕು. ಖಾತೆಯಲ್ಲಿ ಉಳಿದ ಗಿಫ್ಟ್ ಕಾರ್ಡ್ ದುಡ್ಡೂ ಖರ್ಚಾಗಿರಬೇಕು. ಹಾಗಾಗಿ ಅದನ್ನು ಮೊದಲೇ ಶುರು ಮಾಡಿ.

ಇನ್ನು ಫೋನ್. ಇದು ಬರೀ ಒಂದು ಬಿಲ್ ಅಲ್ಲ. ಬ್ಯಾಂಕಿನ ಒಟಿಪಿ ಬರುವುದು ಆ ನಂಬರಿಗೇ. ನಂಬರ್ ಹೋಯಿತು ಅಂದರೆ ಊರಿನಲ್ಲಿ ಕೂತು ಹೊಸ ಮೊಬೈಲ್‌ಗೆ ಬ್ಯಾಂಕ್ ಆಪ್ ಹಾಕಿಕೊಳ್ಳುವುದೂ ಒದ್ದಾಟ. ಅದಕ್ಕೇ ಕಾಂಟ್ರಾಕ್ಟ್ ಮುಗಿಸಿ, ನಂಬರ್ ಮಾತ್ರ ಉಳಿಸಿಕೊಳ್ಳಿ. ಹೇಗೆ ಅಂದರೆ, ಈಗಿನ ಸಿಮ್‌ನಿಂದ ಮೊದಲು `INFO` ಅಂತ `85075`ಕ್ಕೆ ಮೆಸೇಜ್ ಕಳಿಸಿ. ಕಾಂಟ್ರಾಕ್ಟ್ ಬಾಕಿ ಇದ್ದರೆ ಬಿಟ್ಟು ಹೋಗಲು ಎಷ್ಟು ಕಟ್ಟಬೇಕು ಅಂತ ಅದರಲ್ಲಿ ಬರುತ್ತದೆ. ಆಮೇಲೆ ಬೇರೆ ಕಂಪನಿಯ ಒಂದು ಪ್ರೀಪೇಯ್ಡ್ ಸಿಮ್ ತಂದು, ಹಳೇ ಸಿಮ್‌ನಿಂದ `PAC` ಅಂತ `65075`ಕ್ಕೆ ಕಳಿಸಿ. ಒಂದು ನಿಮಿಷದೊಳಗೆ ಕೋಡ್ ಬರುತ್ತದೆ, 30 ದಿನ ನಡೆಯುತ್ತದೆ. ಅದನ್ನು ಹೊಸ ಕಂಪನಿಗೆ ಕೊಟ್ಟರೆ ಒಂದು ಕೆಲಸದ ದಿನದಲ್ಲಿ ನಂಬರ್ ಅಲ್ಲಿಗೆ ಹೋಗುತ್ತದೆ, ಹಳೇ ಕಾಂಟ್ರಾಕ್ಟ್ ಅಲ್ಲಿಗೇ ಮುಗಿಯುತ್ತದೆ. ಹೀಗೆ ಬದಲಾಯಿಸಿದವರಿಂದ ಆ ದಿನದ ಆಚೆಗೆ ನೋಟಿಸ್ ಅವಧಿಯ ದುಡ್ಡು ಕೇಳುವಂತಿಲ್ಲ. 2019ರ ಜುಲೈನಿಂದ ಅಲ್ಲಿನ ನಿಯಂತ್ರಕ ಆಫ್‌ಕಾಮ್ ತಂದ ನಿಯಮ ಇದು. ಫೋನ್ ಕಂಪನಿಗೆ ಸುಮ್ನೆ ಕರೆ ಮಾಡಿ ಮುಚ್ಚಿ ಅಂದರೆ ನಂಬರೂ ಹೋಗುತ್ತದೆ, ಸಾಮಾನ್ಯವಾಗಿ ಇನ್ನೊಂದು ತಿಂಗಳ ದುಡ್ಡೂ ಹೋಗುತ್ತದೆ. ಹ್ಯಾಂಡ್‌ಸೆಟ್ ಕಂತಿನಲ್ಲಿ ತೆಗೆದುಕೊಂಡಿದ್ದರೆ ಆ ಸಾಲ ಬೇರೆ, ಅದನ್ನು ತೀರಿಸಲೇಬೇಕು.

ಪ್ರೀಪೇಯ್ಡ್ ಸಿಮ್‌ನಲ್ಲಿ ರೋಮಿಂಗ್ ಆನ್ ಆಗಿದೆಯಾ ಅಂತ ಅಲ್ಲಿರುವಾಗಲೇ ನೋಡಿ. ಆ ಸಿಮ್‌ಗೆ ಭಾರತದಲ್ಲಿ ಮೆಸೇಜ್ ಬಂದರೆ ದುಡ್ಡು ಹೋಗುತ್ತದಾ ಅಂತಲೂ ಅವರ ದರಪಟ್ಟಿಯಲ್ಲಿ ನೋಡಿಕೊಳ್ಳಿ. ಸುಮಾರು ಆರು ತಿಂಗಳು ಬಳಸದಿದ್ದರೆ ಹಲವು ಕಂಪನಿಗಳು ನಂಬರನ್ನೇ ತೆಗೆದುಬಿಡುತ್ತವೆ. ಅದಕ್ಕೆ ಸ್ವಲ್ಪ ಕ್ರೆಡಿಟ್ ಇಟ್ಟುಕೊಂಡು ಆಗಾಗ ಒಂದು ಮೆಸೇಜ್ ಕಳಿಸುತ್ತಿರಿ.

ನಿಮ್ಮ ಲೆಕ್ಕಕ್ಕೇ ಬರೋಣ. ಜೂನ್ 30ಕ್ಕೆ ಹೊರಡುವುದು ಅಂದುಕೊಳ್ಳಿ. ಏಪ್ರಿಲ್‌ನಲ್ಲೇ ಸ್ಟೇಟ್‌ಮೆಂಟ್ ತೆಗೆದು ಪಟ್ಟಿ ಮಾಡಿ, ಬೇಡದ ಕಾರ್ಡ್ ಚಂದಾಗಳನ್ನು ಅಲ್ಲಿಂದಲೇ ಒಂದೊಂದಾಗಿ ಕೀಳಿ. ಮೇ ಕೊನೆಯ ವಾರದಲ್ಲಿ ಜಿಮ್‌ಗೂ ಬ್ರಾಡ್‌ಬ್ಯಾಂಡ್‌ಗೂ ಲಿಖಿತ ನೋಟಿಸ್ ಕೊಡಿ. ಹೆಚ್ಚಿನ ಕಡೆ 30 ದಿನ ಕೇಳುತ್ತಾರೆ, ಆದರೆ ನಿಮ್ಮ ಒಪ್ಪಂದದಲ್ಲಿ ಏನಿದೆ ಅಂತ ಓದಿ. ಜೂನ್ ಮಧ್ಯದಲ್ಲಿ ಫೋನ್ ನಂಬರ್ ಪ್ರೀಪೇಯ್ಡ್‌ಗೆ ಹೋಗಲಿ. ಏನಾದರೂ ಎಡವಟ್ಟಾದರೆ ಸರಿಪಡಿಸಲು ಎರಡು ವಾರ ಕೈಯಲ್ಲಿರುತ್ತದೆ.

ಮನೆ ಬಿಡುವ ದಿನ ಗ್ಯಾಸ್, ಕರೆಂಟು ಮೀಟರಿನ ಫೋಟೊ ತೆಗೆದು ಆ ರೀಡಿಂಗ್ ಕಳಿಸಿ. ಕೌನ್ಸಿಲ್‌ಗೂ ಮನೆ ಬಿಟ್ಟ ದಿನಾಂಕ ತಿಳಿಸಿ. ಎಲ್ಲರಿಗೂ ಮೈಸೂರಿನ ವಿಳಾಸ, ಮೇಲ್ ಐಡಿ ಕೊಡಿ. ಕೆಲಸದ ಮೇಲ್ ಐಡಿ ಕೊಟ್ಟು ಬರುವವರೂ ಇದ್ದಾರೆ, ಅದು ಕೆಲಸ ಬಿಟ್ಟ ದಿನವೇ ಸತ್ತುಹೋಗಿರುತ್ತದೆ! ರಾಯಲ್ ಮೇಲ್‌ನವರು ಹಳೇ ವಿಳಾಸದ ಟಪಾಲನ್ನು ವಿದೇಶಕ್ಕೂ ತಿರುಗಿಸುತ್ತಾರೆ, ದುಡ್ಡು ತಗೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ದಂಡವಲ್ಲ.

ಈ ಹಂತದಲ್ಲಿ ಕರೆಂಟಿನ ಡೈರೆಕ್ಟ್ ಡೆಬಿಟ್ ಇನ್ನೂ ಜೀವಂತವಾಗಿರಲಿ. ಕೊನೇ ಬಿಲ್ ಕೊಡಲು ಅವರಿಗೆ ಆರು ವಾರ ಸಮಯವಿದೆ. ನಿಮಗೇ ದುಡ್ಡು ಬರಬೇಕಿದ್ದರೆ ಆ ಬಿಲ್ ಆದ ಮೇಲೆ 10 ಕೆಲಸದ ದಿನದೊಳಗೆ ಕೊಡಬೇಕು. ಅಂದರೆ ಆಗಸ್ಟ್ ಕೊನೆಯ ತನಕ ಹೋಗಬಹುದು. ಅದು ಬಂದು ಬೀಳಲು ಖಾತೆ ಬೇಕು. ಬಾಡಿಗೆ ಮನೆಯ ಡಿಪಾಸಿಟ್, ಕೊನೇ ಸಂಬಳ, ಹೆಚ್ಚಿಗೆ ಕಟ್ಟಿದ ಕೌನ್ಸಿಲ್ ಟ್ಯಾಕ್ಸ್ ಕೂಡ ಇದೇ ಖಾತೆಗೆ ಬರಬೇಕು. ದೇಶ ಬಿಡುತ್ತಿದ್ದೇನೆ ಅಂತ ತೆರಿಗೆ ಇಲಾಖೆಗೆ ಪಿ85 ಫಾರ್ಮ್ ಕೊಟ್ಟರೆ, ವರ್ಷದ ಮಧ್ಯದಲ್ಲಿ ಹೊರಟವರಿಗೆ ಸ್ವಲ್ಪ ತೆರಿಗೆ ವಾಪಸ್ ಬರುವುದುಂಟು. ಖಾತೆ ಮೊದಲೇ ಮುಚ್ಚಿಕೊಂಡವರಿಗೆ ಪೌಂಡಿನ ಚೆಕ್ ಕೈಗೆ ಬಂದರೆ, ಮೈಸೂರಿನಲ್ಲಿ ಅದನ್ನು ನಗದು ಮಾಡಿಸುವುದು ದೊಡ್ಡ ತಲೆನೋವು.

ಖಾತೆಯಲ್ಲಿ ಕೆಲವು ನೂರು ಪೌಂಡ್ ಬಿಟ್ಟಿರಿ. ಕಡಿಮೆ ಬಿದ್ದು ಡೈರೆಕ್ಟ್ ಡೆಬಿಟ್ ವಾಪಸಾದರೆ ಮತ್ತೆ ಅದೇ ಬಾಕಿಯ ಕಥೆ. ಆದರೆ ವಿಳಾಸ ಬದಲಿಸುವ ಮುಂಚೆ ಒಂದು ವಿಷಯ ಕೇಳಿಕೊಳ್ಳಿ: ಹೊರದೇಶದಲ್ಲಿ ವಾಸಿಸುವವರ ಖಾತೆಯನ್ನು ನಿಮ್ಮ ಬ್ಯಾಂಕ್ ಇಟ್ಟುಕೊಳ್ಳುತ್ತದಾ ಅಂತ. ಕೆಲವು ಬ್ಯಾಂಕುಗಳು ಇಟ್ಟುಕೊಳ್ಳುವುದಿಲ್ಲ. ಹಾಗಿದ್ದರೆ ಎಷ್ಟು ದಿನ ಕೊಡುತ್ತಾರೆ ಅಂತ ತಿಳಿದುಕೊಂಡು, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ.

ಕ್ರೆಡಿಟ್ ಕಾರ್ಡನ್ನು ಖಾತೆಗಿಂತ ಮೊದಲು ಮುಗಿಸಿ. ಕಾರ್ಡಿನಲ್ಲಿ ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟುತ್ತಿದ್ದವರಿಗೆ, ಪೂರ್ತಿ ತೀರಿಸಿದ ಮುಂದಿನ ತಿಂಗಳೂ ಒಂದು ಸಣ್ಣ ಬಡ್ಡಿ ಬರುತ್ತದೆ. ಬಿಲ್ ದಿನದಿಂದ ನೀವು ಕಟ್ಟಿದ ದಿನದ ತನಕದ್ದು. ಒಂದು ಸ್ಟೇಟ್‌ಮೆಂಟ್ ಸೊನ್ನೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಮುಚ್ಚಲು ಹೇಳಿ.

ಸೆಪ್ಟೆಂಬರ್‌ನಲ್ಲಿ ಕೊನೇ ಸುತ್ತು. ಜುಲೈ, ಆಗಸ್ಟ್ ಸ್ಟೇಟ್‌ಮೆಂಟ್ ತೆರೆಯಿರಿ. ನೀವು ನಿರೀಕ್ಷಿಸದ ಒಂದೂ ಸಾಲು ಇಲ್ಲದಿದ್ದರೆ ಉಳಿದ ಡೈರೆಕ್ಟ್ ಡೆಬಿಟ್‌ಗಳನ್ನು ರದ್ದು ಮಾಡಿ, ಎಲ್ಲ ವರ್ಷಗಳ ಸ್ಟೇಟ್‌ಮೆಂಟ್ ಪಿಡಿಎಫ್ ಇಳಿಸಿಕೊಳ್ಳಿ, ದುಡ್ಡು ಇಲ್ಲಿಗೆ ಕಳಿಸಿ, ಆಮೇಲೆ ಖಾತೆ ಮುಚ್ಚಿ. ಮುಚ್ಚಿದ ಪತ್ರವನ್ನು ಕೇಳಿ ಪಡೆಯಿರಿ. ಸಿಮ್ ಬಿಡುವುದು ಅದಾದ ಮೇಲೆ.

ಖಾತೆ ಮುಚ್ಚದೆ ಇಟ್ಟುಕೊಳ್ಳುತ್ತೇನೆ ಅಂದರೂ ತಪ್ಪೇನಿಲ್ಲ. ಹೊರದೇಶದಲ್ಲಿ ವಾಸವಿದ್ದಾಗ ಗಳಿಸಿದ್ದನ್ನು ವಾಪಸ್ ಬಂದ ಮೇಲೂ ಅಲ್ಲೇ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ನಮ್ಮ ಫೆಮಾ ಕಾಯ್ದೆಯ 6(4) ಕಲಮು ಬಿಡುತ್ತದೆ. ಆದರೆ ಇಲ್ಲಿ ನೀವು ಪೂರ್ಣ ಪ್ರಮಾಣದ ನಿವಾಸಿ ಅಂತಾದ ವರ್ಷದಿಂದ ಆದಾಯ ತೆರಿಗೆ ರಿಟರ್ನಿನ ಶೆಡ್ಯೂಲ್ ಎಫ್‌ಎ ಅನ್ನುವ ಭಾಗದಲ್ಲಿ ಆ ಖಾತೆಯನ್ನು ತೋರಿಸಲೇಬೇಕು, ಅದರಲ್ಲಿ ಹತ್ತೇ ಪೌಂಡ್ ಇದ್ದರೂ.