12.5 ಯಾಕೆ 125 ಆಯಿತು?

ಅಳತೆಗಳ ಒಂದು ಮುದ್ರಿತ ಹಾಳೆ ನನ್ನ ಮುಂದಿತ್ತು. 5 ಕಾಲಂ, 20 ಸಾಲು, ಹೆಚ್ಚಿನವು ಒಂದೇ ದಶಮಾಂಶ ಸ್ಥಾನ ಇರುವ ಅಂಕಿಗಳು. ಕೂತು ಟೈಪ್ ಮಾಡಲು ಬೇಜಾರಾಗಿ ಮೊಬೈಲಿನಲ್ಲಿ ಫೋಟೊ ತೆಗೆದೆ, ಚಿತ್ರದಿಂದ ಅಕ್ಷರ ಓದುವ ಒಸಿಆರ್ ತಂತ್ರಾಂಶಕ್ಕೆ ಕೊಟ್ಟೆ. ಎಡಗಡೆಯ ಮೂರು ಕಾಲಂ ಸರಿಯಾಗಿ ಬಂದವು. ಬಲಗಡೆಯ ಎರಡು ಬರಲೇ ಇಲ್ಲ. ಫೋಟೊ ತೆಗೆಯುವಾಗ ನನ್ನ ಕೈಯ ನೆರಳು ಅಲ್ಲಿ ಬಿದ್ದಿತ್ತು. ಕಣ್ಣಿಗೆ ಅದು ದೊಡ್ಡದಾಗಿ ಕಾಣಿಸಿಯೇ ಇರಲಿಲ್ಲ.

ಕಾಣಿಸದಿದ್ದುದಕ್ಕೆ ಕಾರಣ ಇದೆ. ನೆರಳಿನಲ್ಲಿರುವ ಬಿಳಿ ಕಾಗದವನ್ನೂ ನಾವು ಬಿಳಿ ಎಂದೇ ನೋಡುತ್ತೇವೆ, ಸುತ್ತಲಿನ ಬೆಳಕಿಗೆ ಹೋಲಿಸಿ ಮಿದುಳು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಕ್ಯಾಮೆರಾ ಹಾಗೆ ಮಾಡುವುದಿಲ್ಲ. ಬೂದು ಬಣ್ಣದ ಫೋಟೊದಲ್ಲಿ ಪ್ರತಿ ಪಿಕ್ಸೆಲ್‌ಗೂ 0ಯಿಂದ 255ರ ತನಕ ಒಂದು ಸಂಖ್ಯೆ ಇರುತ್ತದೆ. 0 ಅಂದರೆ ಕಪ್ಪು, 255 ಅಂದರೆ ಬಿಳಿ. ನನ್ನ ಫೋಟೊದಲ್ಲಿ ಬೆಳಕಿದ್ದ ಕಡೆ ಕಾಗದ ಸುಮಾರು 210, ಅಕ್ಷರದ ಕಪ್ಪು 70. ನೆರಳಿನಲ್ಲಿ ಕಾಗದವೇ 90, ಅಕ್ಷರ 30.

ಅಕ್ಷರ ಗುರುತಿಸುವ ಮೊದಲು ತಂತ್ರಾಂಶ ಈ ಬೂದನ್ನೆಲ್ಲ ಬರೀ ಕಪ್ಪು, ಬರೀ ಬಿಳಿ ಮಾಡಿಕೊಳ್ಳುತ್ತದೆ. ಅದಕ್ಕೆ ಒಂದು ಗಡಿ ಬೇಕು: ಇದಕ್ಕಿಂತ ಕಡಿಮೆ ಇದ್ದರೆ ಕಪ್ಪು, ಜಾಸ್ತಿ ಇದ್ದರೆ ಬಿಳಿ. ಇಡೀ ಚಿತ್ರಕ್ಕೆ ಒಂದೇ ಗಡಿ ಹುಡುಕುವ ಹೆಸರಾಂತ ವಿಧಾನ ನೊಬುಯುಕಿ ಒಟ್ಸು 1979ರಲ್ಲಿ ಪ್ರಕಟಿಸಿದ್ದು. ಪಿಕ್ಸೆಲ್‌ಗಳನ್ನು ಎರಡು ಗುಂಪು ಮಾಡಿ, ಗುಂಪುಗಳು ಒಂದಕ್ಕೊಂದು ಆದಷ್ಟೂ ದೂರ ಇರುವಂತೆ ಅದು ಗಡಿ ಹಾಕುತ್ತದೆ. ಬೆಳಕು ಸಮನಾಗಿದ್ದರೆ ಆ ಎರಡು ಗುಂಪು ಕಾಗದ ಮತ್ತು ಶಾಯಿ. ನೆರಳು ಬಿದ್ದ ಹಾಳೆಯಲ್ಲಿ ಕಥೆ ಬೇರೆ. ಹಾಳೆಯಲ್ಲಿ ಶಾಯಿ ಇರುವುದೇ ನೂರಕ್ಕೆ ಹತ್ತು ಭಾಗಕ್ಕಿಂತ ಕಡಿಮೆ ಜಾಗದಲ್ಲಿ. ಹಾಗಾಗಿ ಅತಿ ದೊಡ್ಡ ಎರಡು ಗುಂಪುಗಳೆಂದರೆ ಬೆಳಕಿನ ಕಾಗದ ಮತ್ತು ನೆರಳಿನ ಕಾಗದ! ಗಡಿ ಅವೆರಡರ ನಡುವೆ, 150ರ ಆಸುಪಾಸಿನಲ್ಲಿ ಬಿತ್ತು. 90 ಇದ್ದ ನೆರಳಿನ ಕಾಗದವೆಲ್ಲ ಕಪ್ಪು ಮಸಿಯಾಯಿತು, ಎರಡು ಕಾಲಂ ಅದರೊಳಗೆ ಮುಳುಗಿದವು.

ಸರಿ, ಗಡಿಯನ್ನು ಕೈಯಾರೆ 80ಕ್ಕೆ ಇಳಿಸೋಣ ಅಂದುಕೊಂಡೆ. ನೆರಳಿನ ಕಾಗದ 90, ಬೆಳಕಿನ ಅಕ್ಷರ 70. ನಡುವೆ ಜಾಗ ಇದೆ, ಅಲ್ವಾ? ಹಾಗೆ ಮಾಡಿದೆ. ಬಲ ಕೆಳಮೂಲೆಯೊಂದನ್ನು ಬಿಟ್ಟು ಐದೂ ಕಾಲಂ ಬಂದವು. ಖುಷಿಯಾಯಿತು. ಆಮೇಲೆ ಒಂದು ಸಾಲನ್ನು ಸುಮ್ನೆ ಹಾಳೆಗೆ ಹೋಲಿಸಿ ನೋಡಿದೆ. ಹಾಳೆಯಲ್ಲಿ 12.5, ಪರದೆಯಲ್ಲಿ 125. ಅದೂ ನೆರಳಿನ ಕಡೆ ಅಲ್ಲ, ಚೆನ್ನಾಗಿ ಬೆಳಕಿದ್ದ ಕಡೆ.

70 ಅನ್ನುವುದು ಅಕ್ಷರದ ದಪ್ಪ ಗೆರೆಯ ನಡುಭಾಗದ ಲೆಕ್ಕ. ದಶಮಾಂಶದ ಚುಕ್ಕಿ ನಾಲ್ಕೈದು ಪಿಕ್ಸೆಲ್ ಅಗಲದ್ದು. ಲೆನ್ಸಿನ ಮಸುಕಿಗೆ ಸುತ್ತಲಿನ ಬಿಳುಪು ಅದರೊಳಗೆ ಕಲೆಯುತ್ತದೆ. ಬೆಳಕಿನ ಕಡೆ ಚುಕ್ಕಿಯ ಬೆಲೆ 130ರ ಹತ್ತಿರ ಇತ್ತು. ನೆರಳಿನ ಕಾಗದಕ್ಕಿಂತ ಬೆಳಕಿನ ಚುಕ್ಕಿಯೇ ಬಿಳಿ! ಅಂದಮೇಲೆ 90ನ್ನು ಬಿಳಿ ಮಾಡಿ 130ನ್ನು ಕಪ್ಪು ಮಾಡುವ ಒಂದೇ ಗಡಿ ಇರಲು ಸಾಧ್ಯವೇ ಇಲ್ಲ. ಒಂದು ಪದದಲ್ಲಿ ಅಕ್ಷರ ಬಿಟ್ಟುಹೋದರೆ ಓದುವವರಿಗೆ ಗೊತ್ತಾಗುತ್ತದೆ. 125 ಮಾತ್ರ ನೋಡಲು ಸರಿಯಾದ ಸಂಖ್ಯೆಯ ಹಾಗೇ ಇರುತ್ತದೆ. ಕೋಷ್ಟಕದ ತೊಂದರೆ ಇದೇ.

ಇಲ್ಲಿ ಕೆಲಸಕ್ಕೆ ಬರುವುದು ಅಡಾಪ್ಟಿವ್ ಥ್ರೆಶೋಲ್ಡಿಂಗ್. ಇದರಲ್ಲಿ ಪ್ರತಿ ಪಿಕ್ಸೆಲ್‌ಗೂ ಅದರದೇ ಗಡಿ. ಪಿಕ್ಸೆಲ್‌ನ ಸುತ್ತ ಒಂದು ಚೌಕ ಕಿಟಕಿ ಇಟ್ಟು, ಅದರೊಳಗಿನ ಎಲ್ಲದರ ಸರಾಸರಿ ತೆಗೆಯಬೇಕು. ಅದರಿಂದ ಒಂದು ಸಣ್ಣ ಸಂಖ್ಯೆ ಕಳೆಯಬೇಕು. ಉಳಿದದ್ದೇ ಗಡಿ. ಬೆಳಕಿನ ಕಡೆ ಕಿಟಕಿಯ ಸರಾಸರಿ ಸುಮಾರು 199, ಅದರಿಂದ 10 ಕಳೆದರೆ 189. ಚುಕ್ಕಿಯ 130 ಅದಕ್ಕಿಂತ ಕೆಳಗೆ, ಕಪ್ಪಾಯಿತು. ನೆರಳಿನಲ್ಲಿ ಸರಾಸರಿ ಸುಮಾರು 85, ಗಡಿ 75. ಕಾಗದದ 90 ಬಿಳಿಯಾಗುತ್ತದೆ, ಅಲ್ಲಿನ ಚುಕ್ಕಿ 56ರಷ್ಟಿದ್ದು ಕಪ್ಪಾಗುತ್ತದೆ. ನೆರಳನ್ನು ಯಾರೂ ಹುಡುಕಿ ಅಳಿಸಲಿಲ್ಲ, ಪ್ರತಿ ಪಿಕ್ಸೆಲ್ ತನ್ನ ನೆರೆಹೊರೆಯನ್ನು ಮಾತ್ರ ನೋಡಿತು, ಅಷ್ಟೆ.

ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಲೈಬ್ರರಿ ಇದ್ದರೆ ಪೈಥಾನ್‌ನಲ್ಲಿ ಬರೆಯಬೇಕಾದದ್ದು ಇಷ್ಟೇ:

```python
import cv2
g = cv2.imread("table.jpg", cv2.IMREAD_GRAYSCALE)
b = cv2.adaptiveThreshold(g, 255,
        cv2.ADAPTIVE_THRESH_MEAN_C,
        cv2.THRESH_BINARY, 51, 10)
cv2.imwrite("clean.png", b)
```

51 ಕಿಟಕಿಯ ಅಗಲ, ಅದು ಬೆಸ ಸಂಖ್ಯೆಯೇ ಆಗಿರಬೇಕು. 10 ನಾವು ಕಳೆಯುವ ಸಂಖ್ಯೆ. ಆಟವೆಲ್ಲ ಇವೆರಡರಲ್ಲೇ ಇದೆ.

ಮೊದಲು ಕಿಟಕಿ. ನನ್ನ ಫೋಟೊದಲ್ಲಿ ಒಂದು ಅಂಕಿಯ ಎತ್ತರ ಸುಮಾರು 32 ಪಿಕ್ಸೆಲ್. ಕಿಟಕಿ ತೀರಾ ಚಿಕ್ಕದಾದರೆ ದಪ್ಪ ಅಕ್ಷರದ ಗೆರೆಯೊಳಗೆ ಅದು ಪೂರ್ತಿ ಮುಳುಗುತ್ತದೆ. ಒಳಗೆ ಕಾಣುವುದೆಲ್ಲ ಶಾಯಿ, ಸರಾಸರಿಯೂ ಶಾಯಿಯದೇ. ಹಾಗಾಗಿ ಗೆರೆಯ ನಡುಭಾಗ ಬಿಳಿಯಾಗಿ, ಅಕ್ಷರದ ಬಾಹ್ಯರೇಖೆ ಮಾತ್ರ ಉಳಿಯುತ್ತದೆ. ಕಿಟಕಿಯೊಳಗೆ ಯಾವಾಗಲೂ ಸಾಕಷ್ಟು ಕಾಗದ ಇರಬೇಕು. ಅಂಕಿಯ ಎತ್ತರದ ಒಂದೂವರೆ ಪಟ್ಟು ನಾನು ಶುರು ಮಾಡುವ ಅಳತೆ.

ಹಾಗಾದರೆ ದೊಡ್ಡದೇ ಇಡಬಹುದಲ್ಲ? ಇಲ್ಲಿ ಒಂದು ಚಂದದ ಸೂಕ್ಷ್ಮ ಇದೆ. ನನ್ನ ಫೋಟೊದಲ್ಲಿ ನೆರಳಿನ ಅಂಚು ಒಂದೇ ಸಲಕ್ಕೆ ಕತ್ತರಿಸಿದ ಹಾಗಿರಲಿಲ್ಲ. 210ರಿಂದ 90ಕ್ಕೆ ಇಳಿಯಲು ಸುಮಾರು 120 ಪಿಕ್ಸೆಲ್ ತೆಗೆದುಕೊಂಡಿತ್ತು, ಅಂದರೆ ಪಿಕ್ಸೆಲ್‌ಗೆ ಒಂದೊಂದೇ ಮೆಟ್ಟಿಲು. ಇಂಥ ಸಮ ಇಳಿಜಾರಿನ ನಡುವೆ ಕಿಟಕಿ ಇಟ್ಟರೆ ಒಂದು ಕಡೆ ಎಷ್ಟು ಜಾಸ್ತಿಯೋ ಇನ್ನೊಂದು ಕಡೆ ಅಷ್ಟೇ ಕಡಿಮೆ. ಸರಾಸರಿ ನಡುವಿನ ಬೆಲೆಗೇ ಸಮ. ಇಳಿಜಾರಿನಿಂದ ತೊಂದರೆಯೇ ಇಲ್ಲ! ತೊಂದರೆ ಇರುವುದು ಇಳಿಜಾರು ಮುಗಿದು ನೆಲ ಸಮವಾಗುವ ಮೂಲೆಯಲ್ಲಿ. ಅಲ್ಲಿ ಕಿಟಕಿಯ ಅರ್ಧ ಇಳಿಜಾರಿನ ಮೇಲೆ, ಇನ್ನರ್ಧ ಸಮತಟ್ಟಿನಲ್ಲಿ. 51ರ ಕಿಟಕಿಗೆ ಸರಾಸರಿ 90ರ ಬದಲು 96 ಆಗುತ್ತದೆ. 10 ಕಳೆದರೆ 86, ಕಾಗದ ಬಚಾವ್. 151ರ ಕಿಟಕಿಗೆ ಸರಾಸರಿ 109ರ ಹತ್ತಿರ, ಗಡಿ 99. ಕಾಗದದ 90 ಅದಕ್ಕಿಂತ ಕೆಳಗೆ ಬಿದ್ದು ಕಪ್ಪಾಗುತ್ತದೆ. ನೆರಳಿನ ಅಂಚಿನುದ್ದಕ್ಕೂ ಒಂದು ಕಪ್ಪು ಪಟ್ಟಿ ಮೂಡುತ್ತದೆ.

ಸಾದಾ ಬರಹದ ಪುಟದಲ್ಲಿ ಅಂಥ ಪಟ್ಟಿ ಒಂದು ಕೊಳೆ. ಕೋಷ್ಟಕದಲ್ಲಿ ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ಕಾಲಂ ಗೆರೆಯ ವೇಷ ಹಾಕುತ್ತದೆ. ಒಂದು ಕಾಲಂ ಎರಡಾಗಿ ಒಡೆದು ಬಂದರೆ ನಾನು ಮೊದಲು ನೋಡುವುದು ಅಲ್ಲಿ ನೆರಳಿನ ಅಂಚು ಇದೆಯಾ ಎಂದು. ಅಂಚು ಚಾಕುವಿನ ಹಾಗೆ ಚೂಪಾಗಿದ್ದರಂತೂ 51ರ ಕಿಟಕಿಯೂ ಕೈಕೊಡುತ್ತದೆ. ಲೆಕ್ಕ ಹಾಕಿದರೆ ಸುಮಾರು 20 ಪಿಕ್ಸೆಲ್ ಅಗಲದ ಪಟ್ಟಿ ಬಂದೇ ಬರುತ್ತದೆ. ನೆರಳು ಚೂಪಾಗುವುದು ದೀಪ ಚಿಕ್ಕದಿದ್ದು, ಅಡ್ಡ ಬರುವ ವಸ್ತು ಹಾಳೆಗೆ ಹತ್ತಿರ ಇದ್ದಾಗ. ಕೈ ಮತ್ತು ಫೋನನ್ನು ಸ್ವಲ್ಪ ಮೇಲೆತ್ತಿದರೆ ಅಂಚು ತಾನಾಗಿ ಮೆತ್ತಗಾಗುತ್ತದೆ. ನೆರಳು ಹೋಗುವುದಿಲ್ಲ, ಆದರೆ ಇಳಿಜಾರಾಗುತ್ತದೆ. ನಮಗೆ ಬೇಕಾದ್ದೂ ಅಷ್ಟೇ.

ಇನ್ನು ಕಳೆಯುವ ಸಂಖ್ಯೆ. ಅದನ್ನು 0 ಇಟ್ಟು ನೋಡಿ, ಖಾಲಿ ಕಾಗದದಲ್ಲಿ ಮರಳು ಎರಚಿದ ಹಾಗೆ ಕಪ್ಪು ಕಣಗಳು ಬರುತ್ತವೆ. ಖಾಲಿ ಜಾಗದಲ್ಲಿ ಪಿಕ್ಸೆಲ್‌ಗಳ ಬೆಲೆ ಒಂದೆರಡು ಆಚೀಚೆ ಇರುತ್ತದೆ, ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಸರಾಸರಿಗಿಂತ ಕೆಳಗೇ ಇರುತ್ತವೆ. ಆ ಕಣಗಳು ಅಂಕಿಗಳ ನಡುವೆ ಬಿದ್ದರೆ ಇಲ್ಲದ ದಶಮಾಂಶ ಚುಕ್ಕಿ ಹುಟ್ಟುತ್ತದೆ. ಸಂಖ್ಯೆಯನ್ನು 10ಕ್ಕೋ 15ಕ್ಕೋ ಏರಿಸಿದರೆ ಕಣಗಳು ಹೋಗುತ್ತವೆ. ಆದರೆ ಹಾಳೆಯ ಬಲ ಕೆಳಮೂಲೆಯಲ್ಲಿ ನೆರಳು ಇನ್ನೂ ದಟ್ಟವಾಗಿತ್ತು. ಕಾಗದ 35, ಚುಕ್ಕಿ 22, ಕಿಟಕಿಯ ಸರಾಸರಿ 33. 10 ಕಳೆದರೆ ಗಡಿ 23. ಚುಕ್ಕಿ ಒಂದೇ ಒಂದು ಅಂಕದಲ್ಲಿ ಪಾರು. ಅಲ್ಲಿ ಕೆಲವು ಚುಕ್ಕಿ ಬಂದವು, ಕೆಲವು ಬರಲಿಲ್ಲ.

ತಪ್ಪು ಇರುವುದು ಕಳೆಯುವುದರಲ್ಲೇ. ನೆರಳು ಬೆಳಕಿನಿಂದ ಒಂದಿಷ್ಟನ್ನು ಕಳೆಯುವುದಿಲ್ಲ, ಅದನ್ನು ಇಷ್ಟು ಪಾಲಿಗೆ ಇಳಿಸುತ್ತದೆ. ಎಲ್ಲೇ ನೋಡಿದರೂ ಚುಕ್ಕಿ ತನ್ನ ಪಕ್ಕದ ಕಾಗದದ ಸುಮಾರು 62 ಪ್ರತಿಶತ: 210ಕ್ಕೆ 130, 90ಕ್ಕೆ 56, 35ಕ್ಕೆ 22. ಹಾಗಿದ್ದರೆ ಗಡಿಯೂ ಪಾಲಿನ ಲೆಕ್ಕದಲ್ಲೇ ಇರಬೇಕು. ಡೆರೆಕ್ ಬ್ರಾಡ್ಲಿ ಮತ್ತು ಗೆರ್ಹಾರ್ಡ್ ರಾತ್ 2007ರಲ್ಲಿ ಬರೆದ ವಿಧಾನ ಹೀಗೇ ಮಾಡುತ್ತದೆ: ಪಿಕ್ಸೆಲ್ ತನ್ನ ಕಿಟಕಿಯ ಸರಾಸರಿಗಿಂತ 15 ಪ್ರತಿಶತ ಕೆಳಗಿದ್ದರೆ ಕಪ್ಪು. ದಟ್ಟ ಮೂಲೆಯಲ್ಲಿ ಗಡಿ 28 ಆಗುತ್ತದೆ, 22ರ ಚುಕ್ಕಿ ಆರಾಮಾಗಿ ಸಿಗುತ್ತದೆ. ಓಪನ್‌ಸಿವಿಯಲ್ಲಿ ಇದನ್ನು ಎರಡೇ ಸಾಲಿನಲ್ಲಿ ಬರೆಯಬಹುದು:

```python
m = cv2.blur(g, (51, 51))
b = ((g > 0.85 * m) * 255).astype("uint8")
```

ನನಗೆ ಕೋಷ್ಟಕಗಳಿಗೆ ಇದೇ ಇಷ್ಟ. ಖಾಲಿ ಚೌಕಗಳು ತುಂಬಾ ಇರುವ ಹಾಳೆಗೆ ಸೌವೊಲಾ ವಿಧಾನವೂ ಒಳ್ಳೆಯದು. ಅದು ಸರಾಸರಿಯ ಜೊತೆಗೆ ಕಿಟಕಿಯೊಳಗಿನ ಏರಿಳಿತವನ್ನೂ ನೋಡುತ್ತದೆ. ಏರಿಳಿತ ಇಲ್ಲದ ಕಡೆ ಗಡಿಯನ್ನು ತುಂಬಾ ಕೆಳಗಿಳಿಸಿ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡುತ್ತದೆ. ಟೆಸರಾಕ್ಟ್ ಎಂಬ ಒಸಿಆರ್ ತಂತ್ರಾಂಶದ 5ನೇ ಆವೃತ್ತಿಯಲ್ಲಿ `-c thresholding_method=2` ಎಂದು ಕೊಟ್ಟರೆ ಇದೇ ನಡೆಯುತ್ತದೆ. ಕೊಡದಿದ್ದರೆ ಅದು ಒಟ್ಸು ವಿಧಾನವನ್ನೇ ಬಳಸುತ್ತದೆ.

ಇಷ್ಟಾದಮೇಲೂ ಎರಡು ಕಡೆ ಎಡವಬಹುದು. ಒಂದು, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಇರುವ ತಲೆಸಾಲು. ಅಕ್ಷರದ ಹತ್ತಿರ ಹಿನ್ನೆಲೆ ಕಪ್ಪಾಗಿಯೇ ಉಳಿಯುತ್ತದೆ. ಅಕ್ಷರದಿಂದ ದೂರ ಇರುವಲ್ಲಿ ಕಿಟಕಿ ತುಂಬ ಒಂದೇ ಕಪ್ಪು, ಹಾಗಾಗಿ ಅದು ಬಿಳಿಯಾಗುತ್ತದೆ. ಒಟ್ಟಿನಲ್ಲಿ ತೇಪೆ ತೇಪೆ. ಆ ಸಾಲನ್ನು ಬೇರೆಯಾಗಿ ಕತ್ತರಿಸಿ, ಕಪ್ಪು ಬಿಳುಪು ತಿರುಗಿಸಿ ಕೊಡುವುದು ಸುಲಭ. ಇನ್ನೊಂದು, ನುಣುಪು ಕಾಗದದ ಮೇಲೆ ದೀಪದ ಹೊಳಪು. ಅಲ್ಲಿ ಕಾಗದವೂ 255, ಶಾಯಿಯೂ 255. ಕಿಟಕಿ ಎಷ್ಟೇ ಇರಲಿ, ಇಲ್ಲದ ವ್ಯತ್ಯಾಸ ಎಲ್ಲಿಂದ ಬಂದೀತು? ಫೋಟೊ ಮತ್ತೆ ತೆಗೆಯಬೇಕು.

ಉಳಿದ ಕಣಗಳನ್ನು ಒರೆಸಲು, ಪ್ರತಿ ಪಿಕ್ಸೆಲ್‌ಗೂ ನೆರೆಹೊರೆಯ ಬೆಲೆಗಳಲ್ಲಿ ನಡುವಿನದನ್ನು ಕೊಡುವ ಮೀಡಿಯನ್ ಫಿಲ್ಟರ್ ಹಾಕುವ ಅಭ್ಯಾಸ ಹಲವರಿಗಿದೆ. ಅದು ಕಣದ ಜೊತೆ ಚುಕ್ಕಿಯನ್ನೂ ತಿನ್ನಬಹುದು. ಅದಕ್ಕಿಂತ ಅಂಟಿಕೊಂಡಿರುವ ಕಪ್ಪು ಪಿಕ್ಸೆಲ್‌ಗಳನ್ನು ಎಣಿಸಿ, 6ಕ್ಕಿಂತ ಕಡಿಮೆ ಇರುವ ಗುಂಪುಗಳನ್ನಷ್ಟೇ ಅಳಿಸುವುದು ಮೇಲು. ನನ್ನ ಚುಕ್ಕಿಗಳಲ್ಲಿ ಕನಿಷ್ಠ 16 ಪಿಕ್ಸೆಲ್ ಇದ್ದವು. ಫೋಟೊವನ್ನು ದೂರದಿಂದ ತೆಗೆದು ಚುಕ್ಕಿ ಎರಡು ಪಿಕ್ಸೆಲ್‌ಗೆ ಇಳಿದಿದ್ದರೆ ಕಣ ಯಾವುದು, ಚುಕ್ಕಿ ಯಾವುದು ಎಂದು ಹೇಳುವ ದಾರಿಯೇ ಇರುತ್ತಿರಲಿಲ್ಲ.

ಕೊನೆಗೆ ಒಸಿಆರ್‌ಗೆ ಕೊಡುವ ಮೊದಲು `clean.png` ತೆರೆದು, ನೆರಳಿನ ಅಂಚನ್ನೂ ದಟ್ಟ ಮೂಲೆಯನ್ನೂ ದೊಡ್ಡದು ಮಾಡಿ ನೋಡಿದೆ. ಅಂಕಿಗಳು ಬಂದಮೇಲೆ ಹಾಳೆಯ ಕೊನೆಯಲ್ಲಿದ್ದ ಮೊತ್ತದ ಸಾಲಿಗೆ ಪ್ರತಿ ಕಾಲಂ ಕೂಡಿಸಿ ತಾಳೆ ನೋಡಿದೆ. ನಾಲ್ಕು ಕಾಲಂ ಸರಿಹೋದವು. ಐದನೆಯದರಲ್ಲಿ 76.5 ಜಾಸ್ತಿ ಬಂತು. ಒಂದೇ ಚುಕ್ಕಿ ಹೋಗಿದ್ದರೆ ಸಂಖ್ಯೆ ಹತ್ತು ಪಟ್ಟಾಗುತ್ತದೆ, ವ್ಯತ್ಯಾಸ ಅದರ ಒಂಬತ್ತು ಪಟ್ಟು ಇರಬೇಕು. 76.5ನ್ನು 9ರಿಂದ ಭಾಗಿಸಿದೆ, 8.5 ಬಂತು. ಹುಡುಕಿದರೆ ಹದಿನೇಳನೇ ಸಾಲಿನಲ್ಲಿ 85 ಎಂದು ಕೂತಿತ್ತು.