ಖಾತೆ ಬದಲಾಗಿದೆ ಎಂಬ ಪತ್ರ ಬಂದಾಗ

ಪೀಣ್ಯದ ಒಂದು ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅಲ್ಲಿಗೆ ನಟ್ಟು ಬೋಲ್ಟು ಕೊಡುವವರಿಂದ ಒಂದು ದಿನ ಈಮೇಲ್ ಬಂತು. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಶುಕ್ರವಾರದ ಪೇಮೆಂಟ್ ಹೊಸ ಖಾತೆಗೆ ಹಾಕಿ ಅಂತ. ಲೆಟರ್‌ಹೆಡ್ ಇತ್ತು, ಸೀಲ್ ಇತ್ತು, ಕ್ಯಾನ್ಸಲ್ ಮಾಡಿದ ಚೆಕ್‌ನ ಫೋಟೊ ಇತ್ತು. ಬಾಕಿ ಇದ್ದ ಬಿಲ್ಲಿನ ನಂಬರ್ ಕೂಡ ಸರಿಯಾಗಿತ್ತು.

ಅಕೌಂಟ್ಸ್‌ನ ಹುಡುಗಿ ಸುಮ್ನೆ ಕೂರಲಿಲ್ಲ, ಫೋನ್ ಮಾಡಿ ಕೇಳಿದಳು. "ಹೌದು ಮೇಡಂ, ಬದಲಾಗಿದೆ" ಎಂದು ಒಬ್ಬರು ಹೇಳಿದರು. 6,84,000 ರೂಪಾಯಿ ಆರ್‌ಟಿಜಿಎಸ್ ಆಯಿತು. ಹತ್ತು ದಿನ ಕಳೆದ ಮೇಲೆ ಸರಬರಾಜುದಾರರೇ ಫೋನ್ ಮಾಡಿ, "ಯಾಕೆ ಮೇಡಂ, ದುಡ್ಡು ಇನ್ನೂ ಬಂದಿಲ್ಲ?" ಎಂದರು.

ಅವಳು ಫೋನ್ ಮಾಡಿದ್ದು ಆ ಪತ್ರದಲ್ಲೇ ಇದ್ದ ನಂಬರಿಗೆ. ತಪ್ಪು ಅಲ್ಲಿತ್ತು. ಸರಬರಾಜುದಾರರ ಮೇಲ್‌ಬಾಕ್ಸಿಗೆ ಯಾರೋ ನುಗ್ಗಿದ್ದರು. ಹಳೆಯ ಮಾತುಕತೆ, ಬಿಲ್ಲು, ಲೆಟರ್‌ಹೆಡ್ ಎಲ್ಲ ಅವರ ಕೈಯಲ್ಲಿತ್ತು. ಹಾಗಿದ್ದಾಗ ಮೇಲ್ ವಿಳಾಸ ಸರಿಯಿದೆಯಾ ಎಂದು ಅಕ್ಷರ ಅಕ್ಷರ ನೋಡಿದರೂ ಏನೂ ಸಿಗುವುದಿಲ್ಲ. ಮೇಲ್ ನಿಜವಾಗಿಯೂ ಅವರ ವಿಳಾಸದಿಂದಲೇ ಬಂದಿರುತ್ತದೆ.

ಬ್ಯಾಂಕಿನವರು ಹೆಸರು ನೋಡುವುದಿಲ್ವಾ ಎಂದು ಬಹಳ ಜನ ಕೇಳುತ್ತಾರೆ. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಮೇಲೆ. ನಾವು ಟೈಪ್ ಮಾಡಿದ ಹೆಸರು ಬೇರೆಯಿದ್ದರೂ ಹಣ ಹೋಗಿಬಿಡಬಹುದು. ಈಗ ಹಣ ಕಳಿಸುವ ಮುಂಚೆಯೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರ ಒಳಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಅದನ್ನು ತಪ್ಪದೆ ಬಳಸಿ. ಆದರೆ ಹೆಸರು ಹೊಂದಿದ ಮಾತ್ರಕ್ಕೆ ನಿಲ್ಲಬೇಡಿ. "ಶ್ರೀ ಮಂಜುನಾಥ ಇಂಡಸ್ಟ್ರೀಸ್" ಅಂತ ಹೆಸರಿರುವ ಅಂಗಡಿ ಕಾರ್ಖಾನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಂಥದ್ದೇ ಹೆಸರಲ್ಲಿ ಇನ್ನೊಬ್ಬರು ಖಾತೆ ತೆರೆದಿರಬಹುದು.

ಆ ಘಟನೆಯಾದ ಮೇಲೆ ಆ ಕಾರ್ಖಾನೆಯಲ್ಲಿ ಕ್ರಮ ಬದಲಾಯಿಸಿದೆವು. ಖಾತೆ ಬದಲಾವಣೆಯ ಪತ್ರ ಬಂದ ತಕ್ಷಣ ಆ ಸರಬರಾಜುದಾರರ ಪೇಮೆಂಟ್ ತಡೆಹಿಡಿಯುತ್ತೇವೆ. ಆಮೇಲೆ ಸರಬರಾಜುದಾರರ ವಿವರವೆಲ್ಲ ಇರುವ ನಮ್ಮ ವೆಂಡರ್ ಮಾಸ್ಟರ್‌ನಲ್ಲಿ ಮೊದಲಿನಿಂದ ಇರುವ ನಂಬರಿಗೆ, ಇಲ್ಲವೇ ಹಳೆಯ ಪರ್ಚೇಸ್ ಆರ್ಡರಿನಲ್ಲಿರುವ ನಂಬರಿಗೆ ಫೋನ್ ಹೋಗುತ್ತದೆ. ಮಾತಾಡುವುದು ಮಾಲೀಕರ ಹತ್ತಿರವೇ. ಅವರ ಅಕೌಂಟೆಂಟ್ ಹೇಳಿದರೆ ಸಾಲದು, ಒಳಗಿನವರೇ ಮಾಡಿರುವ ಸಾಧ್ಯತೆಯೂ ಇರುತ್ತದೆ. ಇನ್ನೊಂದು ಮುಖ್ಯ ವಿಷಯ: ನಾವು ನಂಬರ್ ಓದಿ "ಸರಿನಾ ಸಾರ್?" ಎಂದು ಕೇಳುವುದಿಲ್ಲ. ಕೆಲಸದ ಗಡಿಬಿಡಿಯಲ್ಲಿ ಯಾರಾದರೂ "ಹೂಂ" ಅಂದುಬಿಡುತ್ತಾರೆ. ಹೊಸ ಖಾತೆಯ ಕೊನೆಯ ನಾಲ್ಕು ಅಂಕಿ ಅವರೇ ಹೇಳಬೇಕು. ಹಳೆಯ ಖಾತೆಯದ್ದೂ ಅವರೇ ಹೇಳಬೇಕು.

ಯಾರ ಹತ್ತಿರ, ಯಾವ ನಂಬರಿನಲ್ಲಿ, ಎಷ್ಟು ಹೊತ್ತಿಗೆ ಮಾತಾಡಿದೆವು ಎಂದು ಪತ್ರದ ಮೇಲೇ ಬರೆದಿಡುತ್ತೇವೆ. ಮಾಸ್ಟರ್‌ನಲ್ಲಿ ಒಬ್ಬರು ತಿದ್ದಿದರೆ ಇನ್ನೊಬ್ಬರು ನೋಡಿ ಒಪ್ಪಬೇಕು. ಕೊನೆಗೆ ಒಂದು ರೂಪಾಯಿ ಕಳಿಸಿ, ಬಂತಾ ಎಂದು ಮತ್ತೆ ಅದೇ ಹಳೆಯ ನಂಬರಿನಲ್ಲಿ ಕೇಳುತ್ತೇವೆ. ಈಮೇಲ್‌ನಲ್ಲಿ "ಬಂತು" ಎಂಬ ಉತ್ತರ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲ ಸೇರಿ ಹೆಚ್ಚೆಂದರೆ ಒಂದು ದಿನ ತಡವಾಗುತ್ತದೆ. "ಇವತ್ತೇ ಹಾಕಿ, ಫೋನ್ ಮಾಡಬೇಡಿ, ನಾನು ಆಸ್ಪತ್ರೆಯಲ್ಲಿದ್ದೇನೆ" ಎಂಬ ಮೇಲ್ ಬಂದರೆ ಇನ್ನೊಂದು ದಿನ ಜಾಸ್ತಿ ತೆಗೆದುಕೊಳ್ಳುತ್ತೇವೆ.

ನಿಜವಾಗಿಯೂ ಖಾತೆ ಬದಲಾಯಿಸುವವರು ಇರುತ್ತಾರೆ, ಅವರಿಗೂ ಒಂದು ಮಾತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿದ ಮೇಲೆ, ಮುಂದಿನ ವರ್ಷ SYNB ಎಂದು ಶುರುವಾಗುವ ಐಎಫ್‌ಎಸ್‌ಸಿ ಎಲ್ಲ ನಿಂತುಹೋಯಿತು. ಆಗ ಎಷ್ಟೋ ಸಣ್ಣ ಉದ್ಯಮದವರು ಇಂಥ ಪತ್ರ ಬರೆಯಬೇಕಾಯಿತು. ಪತ್ರದಲ್ಲಿ ಬದಲಾವಣೆಗೆ ಕಾರಣ, ಯಾವ ತಾರೀಖಿನಿಂದ ಎಂಬುದು, ಬಾಕಿ ಬಿಲ್ಲುಗಳ ಪಟ್ಟಿ ಇರಲಿ. ಜೊತೆಗೆ ಹೀಗೆ ಬರೆಯಿರಿ: "ದಯವಿಟ್ಟು ನಿಮ್ಮಲ್ಲಿ ಈಗಾಗಲೇ ಇರುವ ನಮ್ಮ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ." ಪತ್ರದಲ್ಲಿ ಫೋನ್ ನಂಬರ್ ಹಾಕಲೇಬೇಡಿ. ಹೊಸ ಖಾತೆಗೆ ಮೊದಲ ಪೇಮೆಂಟ್ ಬರುವ ತನಕ ಹಳೆಯದನ್ನು ಮುಚ್ಚಬೇಡಿ.

ದುಡ್ಡು ತಪ್ಪಿ ಹೋಗಿದೆ ಎಂದು ಗೊತ್ತಾದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಜೊತೆಜೊತೆಗೇ ನಿಮ್ಮ ಬ್ಯಾಂಕಿಗೆ. ಹಣ ಆ ಖಾತೆಯಿಂದ ಮುಂದಕ್ಕೆ ಹೋಗುವ ಮುಂಚೆ ತಡೆಯಬೇಕು, ಹಾಗಾಗಿ ಗಂಟೆಗಳ ಲೆಕ್ಕ. ನಮ್ಮ ಕಾರ್ಖಾನೆಗೆ ಗೊತ್ತಾಗಿದ್ದು ಹತ್ತು ದಿನಕ್ಕೆ. ಆ ಖಾತೆಯಲ್ಲಿ ಏನೂ ಉಳಿದಿರಲಿಲ್ಲ. ಬೋಲ್ಟು ಕೊಟ್ಟವರ ಬಾಕಿ ಹಾಗೇ ಇತ್ತು, ಅದನ್ನು ಮಾಲೀಕರು ಎರಡು ಕಂತಿನಲ್ಲಿ ಮತ್ತೆ ಕೊಟ್ಟರು.